ಅಡಿಕೆ ಸುಲಿಯುವ ಯಂತ್ರದ ಡೆಮೊ ಎಲ್ಲಿ ಕೆಡುತ್ತದೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಹಸಿ ಅಡಿಕೆ ಸುಲಿಯುವ ಯಂತ್ರದ ಡೆಮೊ ನಡೆಯುವುದು ಹೆಚ್ಚಾಗಿ ಬೆಳೆಗಾರರ ಅಂಗಳದಲ್ಲಿ, ಅದೂ ಕೊಯ್ಲಿನ ದಿನಗಳಲ್ಲಿ. ಪಿಕಪ್‌ನಲ್ಲಿ ಯಂತ್ರ ಇಳಿಯುತ್ತದೆ, ಅಕ್ಕಪಕ್ಕದವರು ಸೇರುತ್ತಾರೆ, ಕಾಫಿ ಬರುತ್ತದೆ. ಮೋಟಾರಿನಿಂದ ಚಕ್ರದವರೆಗೆ ಎಲ್ಲವನ್ನೂ ವಿವರಿಸಿ ಮುಗಿಸುವಾಗ ಒಂದು ಗಂಟೆ ಕಳೆದಿರುತ್ತದೆ. ಯಂತ್ರ ಚೆನ್ನಾಗಿಯೇ ಓಡಿರುತ್ತದೆ, ಆದರೆ ವ್ಯಾಪಾರ ಆಗಿರುವುದಿಲ್ಲ. ಅಂಥ ಡೆಮೊದಲ್ಲಿ ಎಲ್ಲಿ ತಪ್ಪಿತು ಎಂದು ಹುಡುಕುವುದಕ್ಕೆ ಈ ಬರಹ. ಖರ್ಚಿಲ್ಲದ ತಪಾಸಣೆಗಳು ಮೊದಲು ಬರುತ್ತವೆ, ತೂಕದ ಕಲ್ಲು ಮತ್ತು ಮೀಟರ್ ಬೇಕಾಗುವಂಥವು ಆಮೇಲೆ.

ಉದ್ದಕ್ಕೂ ಒಂದೇ ಮಾದರಿ ಸಂದರ್ಭ ಇಟ್ಟುಕೊಳ್ಳೋಣ. ಮನೆಯವರು ರಾಶಿ ಮಾಡುವವರು, ಅಂದರೆ ಹಸಿ ಕಾಯಿ ಸುಲಿದು, ಚೊಗರು ಹಾಕಿ ಬೇಯಿಸಿ, ಕೆಂಪಡಿಕೆ ಮಾಡುವವರು. ಕೊಯ್ಲಿನ ದಿನ ಸುಮಾರು 480 ಕೆ.ಜಿ. ಕಾಯಿ ಅಂಗಳಕ್ಕೆ ಬರುತ್ತದೆ. ಫೋನಿನಲ್ಲಿ ಅವರು ಹೇಳಿದ್ದು ಮೂರು ಮಾತು: "ಸುಲಿಯೋರು ಸಿಗ್ತಾ ಇಲ್ಲ ಮಾರಾಯ್ರೇ. ನೆಂಟರ ಮನೇಲಿ ಮಿಷನ್ ತಂದು ಅಡಿಕೆಗೆ ಗಾಯ ಆಯ್ತಂತೆ. ನಮ್ಮಲ್ಲಿ ಕರೆಂಟನ್ನೂ ನಂಬೋ ಹಾಗಿಲ್ಲ."

## ಲಕ್ಷಣ 1: "ಚೆನ್ನಾಗಿದೆ, ನೋಡೋಣ" ಅಂದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ

ಮಲೆನಾಡಿನಲ್ಲಿ ಮನೆಗೆ ಬಂದವರ ಮುಖಕ್ಕೆ ಹೊಡೆದಂತೆ "ಬೇಡ" ಎನ್ನುವವರು ಕಡಿಮೆ. "ನೋಡೋಣ" ಎಂಬ ಮಾತಿಗೆ ಬಹಳ ಸಲ "ಬೇಡ" ಎಂದೇ ಅರ್ಥ. ಪ್ರಶ್ನೆಯೇ ಬರಲಿಲ್ಲ ಎಂದರೆ ನೀವು ತೋರಿಸಿದ್ದು ಅವರ ತಲೆಬಿಸಿಗೆ ಎಲ್ಲೂ ತಾಗಿಲ್ಲ. ಯಂತ್ರ ಹಿಡಿಸದೆ ಹೋದವರು ಕೊಂಕಾದರೂ ತೆಗೆಯುತ್ತಾರೆ. ಸಂಬಂಧವೇ ಇಲ್ಲ ಅನ್ನಿಸಿದವರು ಸುಮ್ಮನೆ ತಲೆಯಾಡಿಸುತ್ತಾರೆ.

ಮೊದಲು ನಿಮ್ಮ ಕಿಸೆಯ ಚೀಟಿ ನೋಡಿ. ಬೆಳೆಗಾರರು ಹೇಳಿದ ತೊಂದರೆಗಳನ್ನು ಅವರದೇ ಮಾತಿನಲ್ಲಿ, ಅವರು ಹೇಳಿದ ಕ್ರಮದಲ್ಲಿ ಬರೆದುಕೊಂಡಿದ್ದೀರಾ? ಚೀಟಿಯೇ ಇಲ್ಲ ಎಂದಾದರೆ ದೋಷ ಸಿಕ್ಕಿತು, ಮುಂದೆ ಹುಡುಕಬೇಕಿಲ್ಲ. ಚೀಟಿಯಲ್ಲಿ "ಕಾರ್ಮಿಕರ ಕೊರತೆ, ಗುಣಮಟ್ಟ, ವಿದ್ಯುತ್" ಎಂದಿದ್ದರೆ ಅದೂ ದೋಷವೇ. ಅದು ನಿಮ್ಮ ಕಂಪನಿಯ ಕರಪತ್ರದ ಭಾಷೆ. ಅವರು ಹೇಳಿದ್ದು "ಸುಲಿಯೋರು ಸಿಗ್ತಾ ಇಲ್ಲ" ಎಂದು, ಹಾಗೆಯೇ ಬರೆಯಬೇಕು.

ಸರಿಪಡಿಸಲು ಹಿಂದಿನ ಸಂಜೆ ಹತ್ತು ನಿಮಿಷದ ಫೋನ್ ಸಾಕು. ಮುಖ್ಯ ಪ್ರಶ್ನೆ ಒಂದೇ: "ಸುಲಿಯೋರು ಬರದೇ ಇದ್ದ ದಿನ ಏನಾಗುತ್ತೆ?" ತೊಂದರೆಯ ಹೆಸರು ಎಲ್ಲರ ಬಾಯಲ್ಲೂ ಒಂದೇ ಇರುತ್ತದೆ, ಅದರ ಬಾಲ ಮಾತ್ರ ಮನೆಮನೆಗೂ ಬೇರೆ. ಒಂದು ಮನೆಯಲ್ಲಿ ಸುಲಿಯುವವರು ಬಾರದಿದ್ದರೆ ಕಾಯಿ ಎರಡು ದಿನ ಅಂಗಳದಲ್ಲೇ ರಾಶಿ ಬಿದ್ದು ಬಿಸಿಯೇರುತ್ತದೆ. ಇನ್ನೊಂದು ಮನೆಯಲ್ಲಿ ಮನೆಯ ಹೆಂಗಸರೇ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಮತ್ತೊಂದರಲ್ಲಿ ಕೊನೆ ಕೊಯ್ಯುವವರು ಸಿಕ್ಕ ದಿನವೂ ಕೊಯ್ಲನ್ನೇ ಮುಂದೂಡುತ್ತಾರೆ. ಮೂರಕ್ಕೂ ಯಂತ್ರ ಒಂದೇ ಆದರೂ ತೋರಿಸಬೇಕಾದ್ದು ಬೇರೆ ಬೇರೆ. ನಮ್ಮ ಮಾದರಿ ಮನೆಯ ಉತ್ತರ ಹೀಗಿತ್ತು: "ಸುಲಿದು ಮುಗಿಯೋದೇ ರಾತ್ರಿ ಹತ್ತಕ್ಕೆ, ಆಮೇಲೆ ಹಂಡೆಗೆ ಬೆಂಕಿ." ಅಂದರೆ ಅವರು ಕೊಳ್ಳುವುದು ಸುಲಿಯುವ ಯಂತ್ರವನ್ನಲ್ಲ, ಸಂಜೆ ಆರಕ್ಕೆ ಹಂಡೆ ಹಚ್ಚುವ ಅನುಕೂಲವನ್ನು.

ಇಲ್ಲೇ ನಿಲ್ಲಿಸಬೇಕಾದ ಸಂದರ್ಭ. ಫೋನಿನಲ್ಲಿ ಕೇಳಿದ ತೊಂದರೆ ಕೊಳೆ ರೋಗದ್ದೋ, ಮಳೆಯಲ್ಲಿ ಅಡಿಕೆ ಒಣಗದಿರುವುದೋ ಆಗಿದ್ದರೆ ಪಿಕಪ್ ಹೊರಡಿಸಬೇಡಿ. ಒಣಗಿಸುವ ತೊಂದರೆ ಇದ್ದವರಿಗೆ ಡ್ರೈಯರ್ ಬೇಕು. ಅವರಿಗೆ ಬೇಗ ಸುಲಿಯುವ ಯಂತ್ರ ಕೊಟ್ಟರೆ ಒಣಗಬೇಕಾದ ಹಸಿ ರಾಶಿ ಇನ್ನೂ ದೊಡ್ಡದಾಗುತ್ತದೆ. ಚಾಲಿ ಮಾಡುವವರ ಮನೆಯಾದರೆ ಸುಲಿಯುವುದು ಒಣಗಿದ ಹಣ್ಣಡಿಕೆಯನ್ನು. ಹಸಿ ಕಾಯಿಯ ಯಂತ್ರವನ್ನು ಅಲ್ಲಿ ತೋರಿಸಿ ಪ್ರಯೋಜನವಿಲ್ಲ.

## ಲಕ್ಷಣ 2: ಹತ್ತನೇ ನಿಮಿಷಕ್ಕೆ ಅವರ ಕಣ್ಣು ತೋಟದ ಕಡೆ ಹೋಯಿತು

ಇದು ಕ್ರಮದ ದೋಷ. ಹೆಚ್ಚಿನ ಡೆಮೊಗಳು ಯಂತ್ರ ಜೋಡಿಸಿದ ಕ್ರಮದಲ್ಲೇ ಸಾಗುತ್ತವೆ: ಚೌಕಟ್ಟು, ಮೋಟಾರು, ಬೆಲ್ಟು, ಕಾಯಿ ಸುರಿಯುವ ಬಾಯಿ, ಸಿಪ್ಪೆ ಬೀಳುವ ಜಾಗ, ಚಕ್ರ, ಬಣ್ಣ, ವಾರಂಟಿ. ಬೆಳೆಗಾರರಿಗೆ ಬೇಕಾದ ಸುಲಿದ ಅಡಿಕೆ ನಲವತ್ತನೇ ನಿಮಿಷಕ್ಕೆ ಕಾಣಿಸುತ್ತದೆ. ಅಷ್ಟರಲ್ಲಿ ಕೊನೆ ಕೊಯ್ಯುವವರು ಬಂದು ಕರೆದಿರುತ್ತಾರೆ.

ಗಡಿಯಾರ ಹಿಡಿದು ನೋಡಿ. ಯಂತ್ರ ನೆಲಕ್ಕೆ ಇಳಿದು ನಿಂತ ಮೇಲೆ ಮೊದಲ ಸುಲಿದ ಅಡಿಕೆ ಬೆಳೆಗಾರರ ಕೈಗೆ ಬಂದದ್ದು ಎಷ್ಟು ನಿಮಿಷಕ್ಕೆ? ಐದು ದಾಟಿದ್ದರೆ ಕ್ರಮ ತಲೆಕೆಳಗಾಗಿದೆ. ಮೊದಲು ಒಂದು ಬುಟ್ಟಿ ಸುರಿದು, ಸುಲಿದದ್ದನ್ನು ಅವರ ಕೈಗೆ ಕೊಟ್ಟು, "ನಿನ್ನೆ ನೀವು ಮೂರು ವಿಷಯ ಹೇಳಿದ್ರಿ, ಅದೇ ಕ್ರಮದಲ್ಲಿ ನೋಡೋಣ" ಎಂದು ಚೀಟಿ ಓದಿ ಹೇಳಿ. "ಇವು ಬಿಟ್ಟು ಬೇರೆ ಏನಾದ್ರೂ ಉಂಟಾ?" ಎಂದೂ ಕೇಳಿ. ಈ ಪ್ರಶ್ನೆಗೆ ಆಗಾಗ ನಾಲ್ಕನೆಯದೊಂದು ಹೊರಗೆ ಬರುತ್ತದೆ, ಕೆಲವೊಮ್ಮೆ ಅದೇ ಅಸಲಿ ತೊಂದರೆ ಆಗಿರುತ್ತದೆ.

ಚೀಟಿಯಲ್ಲಿಲ್ಲದ ಸೌಲಭ್ಯವನ್ನು ಕೇಳಿದರೆ ಮಾತ್ರ ಹೇಳಬೇಕು. ಚಕ್ರ ತಿರುಗಿಸಿ ತೋರಿಸುವ ಚಪಲ ಎಲ್ಲರಿಗೂ ಇರುತ್ತದೆ, ಆದರೆ ಅಂಗಳ ಬಿಟ್ಟು ಎಲ್ಲೂ ಹೋಗದ ಯಂತ್ರಕ್ಕೆ ಚಕ್ರ ಇದ್ದರೆಷ್ಟು, ಬಿಟ್ಟರೆಷ್ಟು? ಅದೇ ಯಂತ್ರವನ್ನು ಅಣ್ಣತಮ್ಮಂದಿರ ಎರಡು ಮನೆಗೆ ಹಂಚಿ ಬಳಸುವವರಿದ್ದರೆ ಚಕ್ರವೇ ಮೊದಲ ಮಾತಾಗಬೇಕು.

## ಲಕ್ಷಣ 3: ಶುರುವಿನಲ್ಲೇ "ರೇಟ್ ಎಷ್ಟು?" ಎಂದರು

ಇದನ್ನು ಕೆಟ್ಟ ಸೂಚನೆ ಎಂದು ತಿಳಿಯುವವರಿದ್ದಾರೆ. ಹಾಗೇನಿಲ್ಲ. ಬೆಲೆಯನ್ನು ನೇರವಾಗಿ ಒಂದೇ ವಾಕ್ಯದಲ್ಲಿ ಹೇಳಿಬಿಡಿ. "ಆಮೇಲೆ ಹೇಳ್ತೀನಿ" ಎಂದರೆ ಉಳಿದ ಹೊತ್ತೆಲ್ಲ ಅವರ ತಲೆಯಲ್ಲಿ ಅದೊಂದೇ ಓಡುತ್ತಿರುತ್ತದೆ. ಹೇಳಿದ ತಕ್ಷಣ ಈಗ ಸುಲಿತಕ್ಕೆ ಕೊಡುತ್ತಿರುವ ಕೂಲಿಯನ್ನು ಕೇಳಿ ಚೀಟಿಯ ಹಿಂದೆ ಬರೆದುಕೊಳ್ಳಿ. ಡಬ್ಬದ ಲೆಕ್ಕವೋ, ಕೆ.ಜಿ. ಲೆಕ್ಕವೋ, ದಿನಗೂಲಿಯೋ, ಊಟ ಕಾಫಿ ಸೇರಿಯೋ ಎಂಬುದೂ ಬೇಕು. ಕೊನೆಯಲ್ಲಿ ಲೆಕ್ಕ ಹಾಕುವುದು ಅವರ ಅಂಕಿಯಿಂದಲೇ. ನೀವು ತಂದ ಮುದ್ರಿತ ಲೆಕ್ಕವನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

## ಲಕ್ಷಣ 4: "ನಿಮ್ಮ ಅಡಿಕೆಗೆ ಸರಿ, ನಮ್ಮದಕ್ಕೆ ಆಗಲ್ಲ"

ಅತಿ ಹೆಚ್ಚು ವ್ಯಾಪಾರ ಮುರಿಯುವುದು ಇಲ್ಲಿ. ತಪ್ಪು ಸಾಮಾನ್ಯವಾಗಿ ಡೆಮೊದವರದೇ. ಒಂದೇ ಗಾತ್ರದ, ಆರಿಸಿದ ಎರಡು ಕೆ.ಜಿ. ಕಾಯಿಯನ್ನು ಚೀಲದಲ್ಲಿ ತಂದು ಸುಲಿದು ತೋರಿಸುತ್ತಾರೆ. ಬೆಳೆಗಾರರ ಅನುಮಾನಕ್ಕೆ ಕಾರಣವಿದೆ. ಯಂತ್ರದಲ್ಲಿ ಸುಲಿಯುವ ಭಾಗಕ್ಕೂ ಅದರ ಎದುರಿನ ತಟ್ಟೆಗೂ ನಡುವೆ ಇರುವ ಸಂದನ್ನು ಒಂದು ಗಾತ್ರಕ್ಕೆ ಹೊಂದಿಸಿರುತ್ತಾರೆ. ಅದಕ್ಕಿಂತ ಸಣ್ಣ ಕಾಯಿ ಸಿಪ್ಪೆ ಸಮೇತ ಜಾರಿ ಬರುತ್ತದೆ, ದೊಡ್ಡದಕ್ಕೆ ಗಾಯವಾಗುತ್ತದೆ. ಅವರ ತೋಟದಲ್ಲಿ ಹಳೆ ಮರದ ಕಾಯಿ, ಎಳೆ ಮರದ ಕಾಯಿ ಎಲ್ಲ ಬೆರೆತೇ ಅಂಗಳಕ್ಕೆ ಬರುತ್ತವೆ. ಇವತ್ತು ಕೊಯ್ದದ್ದಕ್ಕೂ ಎರಡು ದಿನ ಬಿದ್ದು ಸಿಪ್ಪೆ ಬಾಡಿದ್ದಕ್ಕೂ ಸುಲಿತದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಆದ್ದರಿಂದ ಓಡಿಸಬೇಕಾದದ್ದು ಅವರ ರಾಶಿಯನ್ನೇ, ಅದೂ ಅವರೇ ತುಂಬಿ ತಂದ ಬುಟ್ಟಿಯನ್ನು. 50 ಕೆ.ಜಿ. ತೂಗಿ ಇಟ್ಟುಕೊಳ್ಳಿ. ಐದು ಕೆ.ಜಿ.ಯಲ್ಲಿ ಎಲ್ಲ ಯಂತ್ರವೂ ಚೆನ್ನಾಗಿಯೇ ಕಾಣುತ್ತದೆ. ನಾರು ಸುತ್ತಿಕೊಳ್ಳುವುದು, ಸಿಪ್ಪೆ ಕಟ್ಟಿಕೊಳ್ಳುವುದು, ಬೆಲ್ಟ್ ಜಾರುವುದು ಎಲ್ಲ ಆಮೇಲೆ ಶುರುವಾಗುವ ಆಟ.

ನಮ್ಮ ಮಾದರಿ ಮನೆಯಲ್ಲಿ 50 ಕೆ.ಜಿ.ಗೆ 25 ನಿಮಿಷ ಹಿಡಿಯಿತು ಎಂದುಕೊಳ್ಳಿ. ಗಂಟೆಗೆ 120 ಕೆ.ಜಿ. ಆಯಿತು. ಹಾಗಾದರೆ 480 ಕೆ.ಜಿ.ಗೆ ನಾಲ್ಕು ಗಂಟೆ. ಸರಿಯಾಗಿ ಸುಲಿಯದ ಕಾಯಿ ಮತ್ತೊಮ್ಮೆ ಹಾಕುವುದಕ್ಕೆ ಇನ್ನರ್ಧ ಗಂಟೆ ಸೇರಿಸಿ. ಮಧ್ಯಾಹ್ನ ಒಂದೂವರೆಗೆ ಶುರು ಮಾಡಿದರೆ ಆರಕ್ಕೆ ಹಂಡೆ ಹಚ್ಚಬಹುದು. ಈ ಒಂದು ವಾಕ್ಯ ಹೇಳಿ ನಿಲ್ಲಿಸಿ. "ಗಂಟೆಗೆ ಇಷ್ಟು ಸಾಮರ್ಥ್ಯ" ಎಂದು ಕರಪತ್ರದಲ್ಲಿದ್ದದ್ದು ಈಗ ಅವರ ಮನೆಯ ಗಡಿಯಾರಕ್ಕೆ ಬಂದಿದೆ.

ಇನ್ನು ಗಾಯದ ಮಾತು. ಇದನ್ನು ಬಾಯಲ್ಲಿ ಸಮಾಧಾನ ಮಾಡಲು ಹೋಗಬೇಡಿ, ಎಣಿಸಿ. ಯಂತ್ರದಿಂದ ಬಂದ ರಾಶಿಯ ಮೂರು ಕಡೆಯಿಂದ ಕಣ್ಣು ಹಾಯಿಸದೆ ನೂರು ನೂರರಂತೆ ತೆಗೆಯಿರಿ. ಒಂದೇ ನೂರರ ಎಣಿಕೆ ನಂಬುವಂಥದ್ದಲ್ಲ, ಒಂದು ನೂರರಲ್ಲಿ ಮೂರು, ಪಕ್ಕದ ನೂರರಲ್ಲಿ ಏಳು ಬರುವುದು ಸಹಜ. ಮೂರು ಗುಂಪು ಮಾಡಿ: ಇಡಿಯಾಗಿ ಸುಲಿದದ್ದು, ಸಿಪ್ಪೆ ಉಳಿದದ್ದು, ಗಾಯವಾದದ್ದು ಅಥವಾ ಒಡೆದದ್ದು. ಯಾವುದು ಗಾಯ ಎಂದು ತೀರ್ಮಾನಿಸುವವರು ನೀವಲ್ಲ, ಮನೆಯವರು. ಅದೇ ಹೊತ್ತಿಗೆ ಮೆಟ್ಟುಗತ್ತಿಯಲ್ಲಿ ಸುಲಿದ ಅವರದೇ ಬುಟ್ಟಿಯಿಂದಲೂ ಮುನ್ನೂರು ಎಣಿಸಬೇಕು.

ಮಾದರಿ ಎಣಿಕೆ ಹೀಗೆ ಬಂತು ಎಂದಿಟ್ಟುಕೊಳ್ಳಿ. ಯಂತ್ರದ 300ರಲ್ಲಿ 258 ಇಡಿ, 27 ಸಿಪ್ಪೆ ಉಳಿದದ್ದು, 15 ಗಾಯ. ಕೈಯ 300ರಲ್ಲಿ 291 ಇಡಿ, 3 ಸಿಪ್ಪೆ, 6 ಗಾಯ. ಕೈಯೇ ಗೆದ್ದಿತು. ಇದನ್ನು ಮುಚ್ಚಿಡಬೇಡಿ, ಅವರು ಎದುರಿಗೇ ಎಣಿಸಿದ್ದಾರೆ. ಈಗ ಮಾಡಬೇಕಾದದ್ದು ಗಾಯವಾದ 15ನ್ನು ಕೈಯಲ್ಲಿ ಹಿಡಿದು ಗಾತ್ರ ನೋಡುವುದು. ಹೆಚ್ಚಿನವು ದಪ್ಪ ಕಾಯಿಯವೇ ಆಗಿದ್ದರೆ ಸಂದು ಬಿಗಿಯಾಗಿದೆ ಎಂದರ್ಥ. ಜಾಳಿಗೆಯಲ್ಲಿ ದಪ್ಪ, ಸಣ್ಣ ಬೇರೆ ಮಾಡಿ, ಸಂದು ಹೊಂದಿಸಿ, ಇನ್ನೊಂದು 20 ಕೆ.ಜಿ. ಓಡಿಸಿ ಮತ್ತೆ ಎಣಿಸಿ. ಗಾಯ ಎಲ್ಲ ಗಾತ್ರದಲ್ಲೂ ಸಮನಾಗಿ ಇದ್ದರೆ ಸಂದಿನದು ತಪ್ಪಲ್ಲ. ವೇಗ ಹೆಚ್ಚಿರಬಹುದು, ಇಲ್ಲವೇ ಸುಲಿಯುವ ಭಾಗ ಸವೆದಿರಬಹುದು. ಅದು ತಂತ್ರಜ್ಞರ ಕೆಲಸ, ಅಂಗಳದಲ್ಲಿ ಸುತ್ತಿಗೆ ಹಿಡಿಯುವುದು ಬೇಡ.

ಗಾಯದ ಬಗ್ಗೆ ಬೆಳೆಗಾರರು ಇಷ್ಟು ಸೂಕ್ಷ್ಮ ಏಕೆ ಎಂದು ಡೆಮೊ ಮಾಡುವವರು ತಿಳಿದಿರಬೇಕು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆ ಬಗೆಗೆ ಬೇರೆ ದರ. ಇಡಿಯಾಗಿ ಬರಬೇಕಾದ ಅಡಿಕೆ ಚೂರಾದರೆ ಅವರು ಕಳೆದುಕೊಳ್ಳುವುದು ವರ್ಷದ ಆದಾಯದ ಒಂದು ಪಾಲು. "ಅದೇನು ದೊಡ್ಡ ವಿಷಯ ಅಲ್ಲ ಬಿಡಿ" ಎಂದವರ ಡೆಮೊ ಅಲ್ಲಿಗೇ ಮುಗಿಯಿತು.

ಎರಡನೇ ಓಟದಲ್ಲೂ ಗಾಯ ಇಳಿಯದಿದ್ದರೆ ಅಲ್ಲಿಗೆ ನಿಲ್ಲಿಸಿ. ಇಂಥ ಗಾತ್ರಕ್ಕೆ ಈ ಮಾದರಿ ಹೊಂದುತ್ತಿಲ್ಲ ಎಂದು ಹೇಳಿ, ತಂತ್ರಜ್ಞರನ್ನು ಕರೆದುಕೊಂಡು ಬರುವ ದಿನ ಕೇಳಿಕೊಳ್ಳಿ. ಮೂರನೇ ಸಲ, ನಾಲ್ಕನೇ ಸಲ ಅವರ ಅಡಿಕೆಯನ್ನೇ ಹಾಳುಗೆಡವುತ್ತ ಕೂರಬಾರದು. ಮೊದಲೆರಡು ಓಟದಲ್ಲಿ ಒಡೆದ ಅಡಿಕೆಗೂ ಬೆಲೆ ಕಟ್ಟಿಕೊಡುವುದಾಗಿ ಡೆಮೊಗೆ ಮುಂಚೆಯೇ ಹೇಳಿರುವುದು ಒಳ್ಳೆಯದು.

## ಲಕ್ಷಣ 5: ಮೋಟಾರು ಗುಂಯ್ ಎನ್ನುತ್ತದೆ, ಎದ್ದು ತಿರುಗುವುದಿಲ್ಲ

"ಕರೆಂಟನ್ನು ನಂಬೋ ಹಾಗಿಲ್ಲ" ಎಂದು ಅವರೇ ಹೇಳಿದ್ದರು. ಹಾಗಿದ್ದ ಮೇಲೆ ಇದು ಯಂತ್ರದ ಅಪಘಾತವಲ್ಲ, ಕೇಳಿಸಿಕೊಳ್ಳದ ಮೂರನೇ ತೊಂದರೆ. ಯಂತ್ರ ಇಳಿಸುವ ಮೊದಲೇ ಮಲ್ಟಿಮೀಟರ್‌ನಲ್ಲಿ ಪ್ಲಗ್ ಪಾಯಿಂಟಿನ ವೋಲ್ಟೇಜ್ ಅಳೆಯಬೇಕು. ಸಿಂಗಲ್ ಫೇಸಿನಲ್ಲಿ ಇರಬೇಕಾದದ್ದು 230 ವೋಲ್ಟ್. ಶೇಕಡ 10 ಕಡಿಮೆ ಎಂದರೆ 207. ಅದಕ್ಕಿಂತ ಕೆಳಗಿದ್ದರೆ ಯಂತ್ರ ಓಡಿಸಬೇಡಿ. ವೋಲ್ಟೇಜ್ ಇಳಿದಾಗ ಮೋಟಾರಿನ ತಿರುಗುಬಲ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180 ವೋಲ್ಟ್ ಸಿಕ್ಕರೆ ಉಳಿಯುವ ಬಲ ಸುಮಾರು ಶೇಕಡ 61 ಮಾತ್ರ. ಮೋಟಾರು ತಿರುಗದೆ ಗುಂಯ್ ಎಂದರೆ ತಕ್ಷಣ ಸ್ವಿಚ್ ಆರಿಸಿ, ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ.

ಪ್ಲಗ್ಗಿನಲ್ಲಿ ವೋಲ್ಟೇಜ್ ಸರಿ ಇದ್ದೂ ಮೋಟಾರು ಏಳದಿದ್ದರೆ ಎಕ್ಸ್‌ಟೆನ್ಶನ್ ವೈರನ್ನು ಅನುಮಾನಿಸಿ. ದೀಪಕ್ಕೆಂದು ಇಟ್ಟ ತೆಳು ವೈರನ್ನು ಮೂವತ್ತು ಮೀಟರ್ ಎಳೆದು ಒಂದು ಎಚ್‌ಪಿ ಮೋಟಾರಿಗೆ ಕೊಟ್ಟರೆ, ಶುರುವಾಗುವ ಕ್ಷಣದಲ್ಲಿ ಹರಿಯುವ ಭಾರೀ ಕರೆಂಟಿಗೆ ವೈರಿನಲ್ಲೇ ಹತ್ತಾರು ವೋಲ್ಟ್ ಇಳಿದುಹೋಗುತ್ತದೆ. 2.5 ಚದರ ಮಿ.ಮೀ. ತಾಮ್ರದ ಮೂರೆಳೆ ವೈರನ್ನು ನೀವೇ ಪಿಕಪ್‌ನಲ್ಲಿ ಇಟ್ಟುಕೊಂಡಿರಿ. ಸುರುಳಿ ಪೂರ್ತಿ ಬಿಚ್ಚಿ ಬಳಸಿ.

ವೋಲ್ಟೇಜೇ ಕಡಿಮೆ ಇದ್ದರೆ ಅದೂ ಒಂದು ಉತ್ತರವೇ. ಸಂಜೆ ಹೊತ್ತು ಎಷ್ಟಿರುತ್ತದೆ, ಯಾವ ಗಂಟೆಯಲ್ಲಿ ಚೆನ್ನಾಗಿರುತ್ತದೆ ಎಂದು ಮನೆಯವರನ್ನೇ ಕೇಳಿ. ಜನರೇಟರ್ ಬೇಕಾದರೆ ಅದರ ಖರ್ಚನ್ನು ಯಂತ್ರದ ಬೆಲೆಗೆ ಸೇರಿಸಿಯೇ ಹೇಳಬೇಕು. ಲೈನಿನ ತೊಂದರೆಗೆ ಮೆಸ್ಕಾಂಗೆ ದೂರು ಕೊಡುವುದು ಬಿಟ್ಟು ಡೆಮೊದವರು ಮಾಡುವಂಥದ್ದು ಏನೂ ಇಲ್ಲ.

ಎಚ್ಚರಿಕೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಕಬ್ಬಿಣದ ಚೌಕಟ್ಟಿನ ಯಂತ್ರ ಜೋಡಿಸಲೇಬಾರದು. ಮಳೆಯಲ್ಲಿ ನೆನೆದ ಅಂಗಳದಲ್ಲಂತೂ ಇದು ಜೀವದ ಪ್ರಶ್ನೆ. ಪ್ಲಗ್ ಇಲ್ಲವೆಂದು ಮೀಟರ್ ಬೋರ್ಡಿನಿಂದಲೋ ಪಂಪ್‌ಸೆಟ್ ಸ್ಟಾರ್ಟರಿನಿಂದಲೋ ವೈರ್ ಸಿಕ್ಕಿಸಬೇಡಿ, ಎಲೆಕ್ಟ್ರಿಷಿಯನ್ ಬರಲಿ, ಡೆಮೊ ನಾಳೆಯಾದರೂ ಆಗುತ್ತದೆ. ಬೆಲ್ಟಿನ ಮುಚ್ಚಳ ತೆಗೆದು "ಒಳಗೆ ಹೇಗೆ ತಿರುಗುತ್ತೆ ನೋಡಿ" ಎಂದು ತೋರಿಸುವ ಅಭ್ಯಾಸ ಕೆಟ್ಟದ್ದು. ಸುತ್ತ ನಿಂತವರ ಸೆರಗು, ಹೆಗಲ ಟವೆಲ್, ಪಂಚೆಯ ಅಂಚು ಬೆಲ್ಟಿಗೆ ಸಿಗುವುದಕ್ಕೆ ಅರೆಕ್ಷಣ ಸಾಕು. ಕಾಯಿ ಸಿಕ್ಕಿಕೊಂಡರೆ ಪ್ಲಗ್ ಕಿತ್ತು, ಚಕ್ರ ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು. ಮಕ್ಕಳು ಜಗಲಿಯ ಮೇಲಿರಲಿ.

## ಲಕ್ಷಣ 6: ಎಲ್ಲ ಒಪ್ಪಿದರು, ಆಮೇಲೆ ಫೋನ್ ಎತ್ತುವುದಿಲ್ಲ

ಇಲ್ಲಿ ನೋಡಬೇಕಾದದ್ದು ಡೆಮೊ ಹೊತ್ತಿಗೆ ಅಂಗಳದಲ್ಲಿ ಯಾರಿದ್ದರು ಎಂಬುದನ್ನು. ಯಜಮಾನರ ಜೊತೆ ಗಂಟೆಗಟ್ಟಲೆ ಮಾತಾಡಿರುತ್ತೀರಿ, ಸುಲಿತದ ಉಸ್ತುವಾರಿ ಮಾತ್ರ ಒಳಗಿದ್ದ ಅಮ್ಮನದು. ಸುಲಿಯುವವರನ್ನು ಕರೆಸುವುದು, ಡಬ್ಬದ ಲೆಕ್ಕ ಇಡುವುದು, ಕೆಟ್ಟ ಸುಲಿತಕ್ಕೆ ಬೈಯುವುದು ಎಲ್ಲ ಅವರೇ. ನೀವು ಹೋದ ಮೇಲೆ ಅವರು ಒಂದು ಮಾತು ಕೇಳಿರುತ್ತಾರೆ: "ಸಿಪ್ಪೆ ಉಳಿದದ್ದನ್ನು ಕೂತು ಸುಲಿಯೋದು ಯಾರು?" ಅದಕ್ಕೆ ಯಜಮಾನರ ಬಳಿ ಉತ್ತರ ಇರುವುದಿಲ್ಲ. ಮಾದರಿ ಎಣಿಕೆಯಲ್ಲಿ 300ಕ್ಕೆ 27 ಹಾಗೆ ಉಳಿದದ್ದು ನೆನಪಿರಲಿ. ನೂರಕ್ಕೆ ಒಂಬತ್ತು. ಎರಡನೇ ಸಲ ಹಾಕಿದ ಮೇಲೂ ಅಷ್ಟಿಷ್ಟು ಉಳಿಯುತ್ತದೆ, ಅದಕ್ಕೆ ಒಬ್ಬರೋ ಇಬ್ಬರೋ ಮೆಟ್ಟುಗತ್ತಿ ಹಿಡಿದು ಕೂರಲೇಬೇಕು. ಇದನ್ನು ಅವರ ಎದುರಿಗೇ ಹೇಳಬೇಕಿತ್ತು.

ಸರಿಪಡಿಸುವ ದಾರಿ: ಹಿಂದಿನ ದಿನದ ಫೋನಿನಲ್ಲೇ "ಸುಲಿತ ನೋಡಿಕೊಳ್ಳೋದು ಯಾರು? ಅವರೂ ಇರೋ ಹೊತ್ತಿಗೆ ಬರ್ತೀವಿ" ಎನ್ನಿ. ಎಣಿಸುವ ಕೆಲಸವನ್ನು ಅವರ ಕೈಗೇ ಕೊಡಿ. "ಅಮ್ಮಾ, ನೀವೇ ನೋಡಿ ಹೇಳಿ, ಇದು ಗಾಯವಾ?" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಹಣದ ನಿರ್ಧಾರ ಬೆಂಗಳೂರಿನಲ್ಲಿರುವ ಮಗನದ್ದಾದರೆ ಅವನಿಗೆ ಯಂತ್ರ ತಿರುಗುವ ವಿಡಿಯೊ ಕಳಿಸಿ ಪ್ರಯೋಜನವಿಲ್ಲ, ಅದು ಎಲ್ಲೆಡೆ ಒಂದೇ ತರ ಕಾಣುತ್ತದೆ. ಕಳಿಸಬೇಕಾದದ್ದು ಎಣಿಕೆಯ ಚೀಟಿಯ ಫೋಟೊ.

ಆ ಚೀಟಿ ಹೀಗಿದ್ದರೆ ಸಾಕು. ಎಡಗಡೆ ಅವರ ಮಾತು, ಬಲಗಡೆ ಅವರ ಅಂಗಳದಲ್ಲೇ ಕಂಡದ್ದು.

- "ಸುಲಿಯೋರು ಸಿಗ್ತಾ ಇಲ್ಲ": 50 ಕೆ.ಜಿ.ಗೆ 25 ನಿಮಿಷ. 480 ಕೆ.ಜಿ.ಗೆ ಮರುಸುಲಿತ ಸೇರಿ ನಾಲ್ಕೂವರೆ ಗಂಟೆ. ಇಬ್ಬರಾದರೂ ಬೇಕೇ ಬೇಕು.
- "ಅಡಿಕೆಗೆ ಗಾಯ": ಮೊದಲ ಓಟದಲ್ಲಿ 300ಕ್ಕೆ 15. ಗಾತ್ರ ಬೇರೆ ಮಾಡಿ ಸಂದು ಹೊಂದಿಸಿದ ಮೇಲೆ 300ಕ್ಕೆ 8. ಕೈಯಲ್ಲಿ 6.
- "ಕರೆಂಟು": ಮಧ್ಯಾಹ್ನ 2ಕ್ಕೆ 221 ವೋಲ್ಟ್. ಸಂಜೆ 7ರದ್ದು ಅಳೆದಿಲ್ಲ, ಮನೆಯವರು ಮೂರು ದಿನ ನೋಡಿ ತಿಳಿಸುತ್ತಾರೆ.

ಮೂರನೇ ಸಾಲಿನ ಹಾಗೆ ಉತ್ತರ ಸಿಗದೆ ಉಳಿದದ್ದಿದ್ದರೆ ಅದನ್ನೂ ಬರೆಯಿರಿ. ಮುಂದಿನ ಫೋನಿಗೆ ಅದೇ ಕಾರಣವಾಗುತ್ತದೆ. "ಏನು ಯೋಚನೆ ಮಾಡಿದ್ರಿ?" ಎಂದು ಪೀಡಿಸುವ ಬದಲು "ಸಂಜೆ ವೋಲ್ಟೇಜ್ ಎಷ್ಟು ಬಂತು?" ಎಂದು ಕೇಳಿದರೆ ಫೋನ್ ಎತ್ತುತ್ತಾರೆ. ಏಳು ಗಂಟೆಗೆ 190ರ ಆಸುಪಾಸು ಬರುತ್ತಿದೆ ಎಂದರೆ ಒಂದೂವರೆಗೆ ಶುರು ಮಾಡಿ ಆರರೊಳಗೆ ಮುಗಿಸುವ ಕ್ರಮ ಅವರಿಗೆ ಆಗುತ್ತದೆಯೇ ಎಂದು ಕೇಳಿ. ಕೊನೆ ಕೊಯ್ದು ಕಾಯಿ ಅಂಗಳಕ್ಕೆ ಬರುವುದೇ ನಾಲ್ಕಕ್ಕೆ ಎಂದರೆ ಆ ಮನೆಗೆ ಜನರೇಟರ್ ಇಲ್ಲದೆ ಈ ಯಂತ್ರ ಕೊಡಬೇಡಿ.